ಪದವಿ ಪತ್ರ ಮೊದಲು, ಪೊಲೀಸ್ ಪತ್ರ ಕೊನೆಗೆ

ಹಾಸನದ ನರ್ಸ್ ಒಬ್ಬರು ಕೆನಡಾ ಕಾಯಂ ನಿವಾಸಕ್ಕೆ ಬೇಕಾದ ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿ ಜೋಡಿಸಿಕೊಂಡು ನನ್ನ ಬಳಿ ಬಂದಿದ್ದರು. ಅದರಲ್ಲಿ ಪದವಿ ಪತ್ರ, ಆ ಪದವಿ ಕೆನಡಾದ ಯಾವ ಓದಿಗೆ ಸಮ ಎಂದು ಹೇಳುವ ಮೌಲ್ಯಮಾಪನ ವರದಿ, ಕಾಲೇಜಿನ ಪ್ರಾಂಶುಪಾಲರು ಕೊಟ್ಟ ನಡತೆ ಪ್ರಮಾಣಪತ್ರ, ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ಕಚೇರಿಯಿಂದ ಪಡೆದ, ಅಪರಾಧ ದಾಖಲೆ ಇಲ್ಲವೆಂದು ತಿಳಿಸುವ ಪೊಲೀಸ್ ಕ್ಲಿಯರೆನ್ಸ್ ಪತ್ರ ಎಲ್ಲವೂ ಇದ್ದವು. ಅರ್ಜಿ ಸಲ್ಲಿಸಲು ಕೆನಡಾದಿಂದ ಆಹ್ವಾನ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟು ಶ್ರದ್ಧೆಯಿಂದ ಮುಂಚಿತವಾಗಿ ಮಾಡಿಸಿದ್ದ ಪೊಲೀಸ್ ಪತ್ರ ಅಷ್ಟರಲ್ಲಿ ನಿರುಪಯೋಗಿಯಾಗಿತ್ತು.

ಇಂಥವರನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಪದವಿ ಪತ್ರಕ್ಕೆ ವಯಸ್ಸಾಗುವುದಿಲ್ಲ. ಅದರ ಮೌಲ್ಯಮಾಪನ ವರದಿಗೂ ಕೆನಡಾದಲ್ಲಿ ಐದು ವರ್ಷಗಳ ಮಾನ್ಯತೆಯಿದೆ. ಪೊಲೀಸ್ ಪತ್ರದ ಲೆಕ್ಕವೇ ಬೇರೆ. ಅದು ಎಷ್ಟು ದಿನ ನಡೆಯುತ್ತದೆ ಎಂಬುದನ್ನು ಕೊಡುವ ಕಚೇರಿಯಲ್ಲ, ಕೇಳುವ ದೇಶ ನಿರ್ಧರಿಸುತ್ತದೆ. ನೀವು ಈಗ ವಾಸಿಸುತ್ತಿರುವ ದೇಶದ ಪತ್ರ, ಅರ್ಜಿ ಸಲ್ಲಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು ಎನ್ನುತ್ತದೆ ಕೆನಡಾ. ಆಸ್ಟ್ರೇಲಿಯಾ ಹನ್ನೆರಡು ತಿಂಗಳು ಒಪ್ಪುತ್ತದೆ.

ಆದರೆ ಇದೇ ಫೈಲಿನಲ್ಲಿ ಇನ್ನೂ ಹಳೆಯದೊಂದು ಪತ್ರವಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಅವರು ದುಬೈಯಲ್ಲಿ ಮೂರು ವರ್ಷ ಕೆಲಸ ಮಾಡಿ ಊರಿಗೆ ಮರಳಿದ ಮೇಲೆ ಅಲ್ಲಿನ ಪೊಲೀಸರಿಂದ ತರಿಸಿಕೊಂಡ ಪತ್ರ ಅದು. ಕಳೆದ ಹತ್ತು ವರ್ಷಗಳಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಇದ್ದ ಪ್ರತಿ ದೇಶದ ಪತ್ರವನ್ನೂ ಕೆನಡಾ ಕೇಳುತ್ತದೆ. ಬಿಟ್ಟುಬಂದ ದೇಶದ ಪತ್ರವಾದರೆ, ಕೊನೆಯ ವಾಸ ಮುಗಿದ ಮೇಲೆ ಕೊಟ್ಟದ್ದಾಗಿದ್ದರೆ ಸಾಕು. ಅಲ್ಲಿ ಇನ್ನೂ ಕೆಲಸದಲ್ಲಿರುವಾಗಲೇ ಪಡೆದಿದ್ದರೆ ಮತ್ತೆ ತರಿಸಬೇಕಾಗುತ್ತಿತ್ತು.

ಕಾಲೇಜಿನ ನಡತೆ ಪ್ರಮಾಣಪತ್ರ ಪೊಲೀಸ್ ಪತ್ರಕ್ಕೆ ಬದಲಿಯಲ್ಲ. ಓದುತ್ತಿದ್ದಾಗ ನೀವು ಹೇಗಿದ್ದಿರಿ ಎಂಬುದಷ್ಟನ್ನೇ ಅದು ಹೇಳುತ್ತದೆ. ಅಪರಾಧ ದಾಖಲೆಯ ಬಗ್ಗೆ ಪ್ರಾಂಶುಪಾಲರು ಬರೆಯಲಾಗದು. ಇನ್ನು ಪಾಸ್‌ಪೋರ್ಟ್ ಕಚೇರಿಯ ಪತ್ರದಲ್ಲಿ ಯಾವ ದೇಶಕ್ಕೆಂದು ಹೆಸರು ಬರೆದಿರುತ್ತದೆ. ಕುವೈತ್‌ಗೆಂದು ಪಡೆದದ್ದನ್ನು ಕೆನಡಾಕ್ಕೆ ಕಳಿಸಬೇಡಿ.

ಆಹ್ವಾನ ಬಂದ ಮೇಲೆ ಅರ್ಜಿಗೆ ಸಿಗುವುದು 60 ದಿನ. ಮೂರನೆಯ ದಿನವೇ ಅವರಿಂದ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ 500 ರೂಪಾಯಿ ಕಟ್ಟಿಸಿ ಹೊಸದಾಗಿ ಅರ್ಜಿ ಹಾಕಿಸಿದೆ. ಪಾಸ್‌ಪೋರ್ಟ್‌ನಲ್ಲಿ ಹಾಸನದ ವಿಳಾಸವಿತ್ತು, ಅವರು ಇದ್ದದ್ದು ಬೆಂಗಳೂರಿನಲ್ಲಿ. ಪರಿಶೀಲನೆ ಠಾಣೆಗೆ ಹೋದಾಗ ಆ ವಿಳಾಸದಲ್ಲಿ ಯಾರೂ ಸಿಗದೆ ವರದಿ ಪ್ರತಿಕೂಲವಾಗಿ ಬರುವುದು ಇಂಥ ಕಡೆಯೇ. ಹಾಗಾಗಿ ಈಗಿನ ಬಾಡಿಗೆ ಮನೆಯ ವಿಳಾಸವನ್ನೇ ಕೊಟ್ಟು, ಕರಾರು ಪತ್ರ ಲಗತ್ತಿಸಿ, ಪೊಲೀಸರು ಬರುವವರೆಗೆ ಊರಿಗೆ ಹೋಗದೆ ಇರಲು ಹೇಳಿದೆ. ಐದು ವಾರಗಳಲ್ಲಿ ಪತ್ರ ಕೈಸೇರಿತು. 48ನೆಯ ದಿನ ಅರ್ಜಿ ಸಲ್ಲಿಸಿದೆವು.