ಹೊಸದು ಕಾರೋ, ಮ್ಯಾನೇಜರೋ?

ಯಾರನ್ನಾದರೂ ಬರೀ ‘ಅಬ್ದುಲ್’ ಅಂತ ಕರೆದರೆ, ಅರಬ್ಬಿ ಲೆಕ್ಕದಲ್ಲಿ ನೀವು ಹೆಸರನ್ನು ಮಧ್ಯಕ್ಕೇ ಕತ್ತರಿಸಿದ ಹಾಗೆ. ‘ಅಬ್ದು’ ಅಂದರೆ ದಾಸ. ಕೊನೆಯ ‘ಲ್’ ಮುಂದಿನ ಪದದ್ದು: ಅಬ್ದು, ಅಲ್-ಕರೀಂ. ಕರೀಮನ, ಅಂದರೆ ಉದಾರಿಯಾದ ದೇವರ, ದಾಸ. ನೂರುದ್ದೀನ್ ಕೂಡ ಹೀಗೇ, ‘ನೂರು’ ಬೆಳಕು, ‘ಅದ್-ದೀನ್’ ಧರ್ಮ.

ಎರಡು ನಾಮಪದಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ‘ಇಂಥವರ ಇಂಥದ್ದು’ ಅಂತ ಹೇಳುವುದಕ್ಕೆ ಇದಾಫ ಅನ್ನುತ್ತಾರೆ. ನಾವು ‘ಮ್ಯಾನೇಜರ ಕಾರು’ ಅಂದರೆ ಅವರು ‘ಕಾರು ಮ್ಯಾನೇಜರ’ ಅನ್ನುತ್ತಾರೆ, ‘ಸಯ್ಯಾರತ್ ಅಲ್-ಮುದೀರ್’. ಸಯ್ಯಾರಾ ಅಂದರೆ ಕಾರು. ಇದಾಫದಲ್ಲಿ ಮುಂದೆ ಬಂದಾಗ ಅಡಗಿದ್ದ ‘ತ್’ ಹೊರಗೆ ಬರುತ್ತದೆ. ‘ಅಲ್’ ಅನ್ನುವುದು ಇಂಥದ್ದೇ ಅಂತ ಗುರುತಿಸುವ ಗುರುತು, ನಮ್ಮಲ್ಲಿ ಅದಕ್ಕೆ ಸರಿಸಾಟಿ ಪದವಿಲ್ಲ.

ಈಗ ನೋಡಿ, ‘ಸಯ್ಯಾರತ್’ ಮೇಲೆ ‘ಅಲ್’ ಇಲ್ಲ, ಆದರೂ ಅದು ಗೊತ್ತಿರುವ ಕಾರೇ. ಇದಾಫದ ಮೊದಲ ಪದ ಎಂದೂ ‘ಅಲ್’ ಹಾಕಿಕೊಳ್ಳುವುದಿಲ್ಲ. ಎರಡನೆಯದು ಗೊತ್ತಿರುವುದಾದರೆ ಮೊದಲನೆಯದೂ ಗೊತ್ತಿರುವುದೇ. ‘ಸಯ್ಯಾರತ್ ಮುದೀರ್’ ಅಂದರೆ ಯಾರೋ ಒಬ್ಬ ಮ್ಯಾನೇಜರ ಕಾರು. ಹಾಗಂತ ‘ಅಲ್’ ಕಾಣಲೇಬೇಕೆಂದೂ ಇಲ್ಲ. ‘ಸಯ್ಯಾರತ್ ಅಹ್ಮದ್’ ಅಂದರೂ ಗೊತ್ತಿರುವ ಕಾರೇ, ಯಾಕೆಂದರೆ ಅಹ್ಮದ್ ಅಂಕಿತನಾಮ.

ಕಲಿಯುವವರು ಜಾಸ್ತಿ ಎಡವುವುದು ವಿಶೇಷಣ ಸೇರಿಸುವಾಗ. ಎರಡು ನಾಮಪದಗಳ ನಡುವೆ ವಿಶೇಷಣಕ್ಕೆ ಜಾಗವಿಲ್ಲ, ಅದು ಯಾವುದಕ್ಕೆ ಸೇರಿದ್ದರೂ ಕೊನೆಗೇ ಬರಬೇಕು. ಮ್ಯಾನೇಜರ ಹೊಸ ಕಾರು ‘ಸಯ್ಯಾರತ್ ಅಲ್-ಮುದೀರ್ ಅಲ್-ಜದೀದಾ’. ಕಾರು ಸ್ತ್ರೀಲಿಂಗ, ಹಾಗಾಗಿ ಜದೀದಾ. ಕಾರು ಗೊತ್ತಿರುವುದು, ಹಾಗಾಗಿ ತಾನು ‘ಅಲ್’ ಹೊತ್ತಿರದಿದ್ದರೂ ವಿಶೇಷಣಕ್ಕೆ ‘ಅಲ್’ ಬೇಕು. ಹೊಸ ಮ್ಯಾನೇಜರ ಕಾರು ‘ಸಯ್ಯಾರತ್ ಅಲ್-ಮುದೀರ್ ಅಲ್-ಜದೀದ್’. ಕೊನೆಯ ಒಂದು ದೀರ್ಘದ ಮೇಲೆ ಹೊಸದು ಕಾರೋ ಮ್ಯಾನೇಜರೋ ಅಂತ ತೀರ್ಮಾನವಾಗುತ್ತದೆ. ಆ ‘ಅಲ್’ ಬಿಟ್ಟು ‘ಸಯ್ಯಾರತ್ ಅಲ್-ಮುದೀರ್ ಜದೀದಾ’ ಅಂದಿರೋ, ಅದು ‘ಮ್ಯಾನೇಜರ ಕಾರು ಹೊಸದು’ ಅನ್ನುವ ಪೂರ್ತಿ ವಾಕ್ಯ. ಕೇಳಿದವರಿಗೆ ತಪ್ಪು ಅಂತಲೂ ಅನಿಸುವುದಿಲ್ಲ, ಸುಮ್ನೆ ತಲೆಯಾಡಿಸುತ್ತಾರೆ.

ಇಲ್ಲಿ ಲಿಂಗ ಬೇರೆಬೇರೆ ಇತ್ತು, ಬಚಾವಾದೆವು. ‘ಮಕ್ತಬ್ ಅಲ್-ಮುದೀರ್ ಅಲ್-ಜದೀದ್’ ಅಂದರೆ? ಆಫೀಸೂ ಪುಲ್ಲಿಂಗ, ಮ್ಯಾನೇಜರೂ ಪುಲ್ಲಿಂಗ. ಪುಸ್ತಕದ ಉತ್ತರ, ವಿಭಕ್ತಿ ಸ್ವರ ನೋಡಿ ಅಂತ. ‘ಅಲ್-ಜದೀದು’ ಅಂದರೆ ಆಫೀಸು ಹೊಸದು, ‘ಅಲ್-ಜದೀದಿ’ ಅಂದರೆ ಮ್ಯಾನೇಜರ್ ಹೊಸಬ, ಯಾಕೆಂದರೆ ಇದಾಫದ ಎರಡನೆಯ ಪದ ಯಾವಾಗಲೂ ಷಷ್ಠಿಯಲ್ಲೇ ಇರುತ್ತದೆ. ಸರಿ, ಆದರೆ ಆಫೀಸಿನ ಕಾಗದಗಳಲ್ಲಿ ಆ ಸ್ವರಗಳನ್ನು ಯಾರು ಬರೆಯುತ್ತಾರೆ?

ನಾನೇ ಬಿದ್ದ ಹಳ್ಳ ಹೇಳಿಬಿಡುತ್ತೇನೆ. ಗಲ್ಫ್‌ನಿಂದ ಬಂದ ಒಂದು ನೌಕರಿ ಪತ್ರ ಅನುವಾದಕ್ಕೆ ಬಂದಿತ್ತು. ಅದರಲ್ಲಿ ‘ಫೀ ಮಕಾತಿಬ್ ಅಶ್-ಶರಿಕಾ ಅಲ್-ಜದೀದಾ’ ಅಂತಿತ್ತು. ಫೀ ಅಂದರೆ ‘ಅಲ್ಲಿ’, ಮಕಾತಿಬ್ ಆಫೀಸುಗಳು, ಶರಿಕಾ ಕಂಪನಿ. ಶರಿಕಾ ಸ್ತ್ರೀಲಿಂಗ, ಜದೀದಾ ಸ್ತ್ರೀಲಿಂಗ, ಇನ್ನೇನು ಅಂತ ‘ಹೊಸ ಕಂಪನಿಯ ಆಫೀಸುಗಳಲ್ಲಿ’ ಎಂದು ಬರೆದುಬಿಟ್ಟೆ. ಮರೆತದ್ದು ಏನೆಂದರೆ, ಅರಬ್ಬಿಯಲ್ಲಿ ಮನುಷ್ಯರಲ್ಲದ ಬಹುವಚನಕ್ಕೂ ವಿಶೇಷಣ ಸ್ತ್ರೀಲಿಂಗ ಏಕವಚನದಲ್ಲೇ ಬರುತ್ತದೆ. ಅಂದರೆ ‘ಜದೀದಾ’ ಆಫೀಸುಗಳಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಇಲ್ಲಿ ಸ್ವರ ಬರೆದಿದ್ದರೂ ಪ್ರಯೋಜನವಿರಲಿಲ್ಲ. ‘ಫೀ’ ಬಂದ ಮೇಲೆ ಆಫೀಸೂ ಷಷ್ಠಿಗೆ ಇಳಿಯುತ್ತದೆ, ಕಂಪನಿ ಮೊದಲೇ ಅಲ್ಲಿದೆ, ಎರಡರಲ್ಲಿ ಯಾವುದಕ್ಕೆ ಸೇರಿದರೂ ವಿಶೇಷಣ ‘ಅಲ್-ಜದೀದತಿ’ಯೇ. ಲಿಂಗ, ವಚನ, ವಿಭಕ್ತಿ, ‘ಅಲ್’ ನಾಲ್ಕೂ ಕೈಕೊಟ್ಟವು. ಬರೆದವರು ಸ್ವಲ್ಪ ಎಚ್ಚರ ವಹಿಸಿ ಇದಾಫವನ್ನೇ ಒಡೆದು ‘ಫಿಲ್ ಮಕಾತಿಬ್ ಅಲ್-ಜದೀದಾ ಲಿಶ್ಶರಿಕಾ’ ಅಂದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ‘ಲಿ’ ಅಂದರೆ ‘ಗೆ ಸೇರಿದ’. ಆಗ ವಿಶೇಷಣ ಆಫೀಸಿನ ಪಕ್ಕಕ್ಕೇ ಬರುತ್ತದೆ, ಆಫೀಸಿಗೂ ತನ್ನದೇ ‘ಅಲ್’ ಸಿಗುತ್ತದೆ. ಕನ್ನಡಕ್ಕೆ ತರುವಾಗ ‘ಕಂಪನಿಯ ಹೊಸ ಆಫೀಸು’, ‘ಹೊಸ ಕಂಪನಿಯ ಆಫೀಸು’ ಅಂತ ಏನಾದರೂ ಒಂದು ಆರಿಸಲೇಬೇಕು, ಎರಡನ್ನೂ ತೇಲಿಸಿ ಬಿಡುವ ಹಾಗಿಲ್ಲ.

ಪತ್ರದ ಮಾಲೀಕರೇ ಫೋನ್ ಮಾಡಿದರು. “ಸರ್, ನಾನು ಕಂಪನಿ ಬದಲಾಯಿಸಿಲ್ಲ, ಹನ್ನೊಂದು ವರ್ಷದಿಂದ ಅಲ್ಲೇ ಇದ್ದೀನಿ.” ಪತ್ರ ಮತ್ತೆ ತೆಗೆದು ನೋಡಿದೆ. ಮೂರೇ ಸಾಲು ಕೆಳಗೆ, ಹಳೆ ಆಫೀಸನ್ನು ಯಾವತ್ತು ಖಾಲಿ ಮಾಡಬೇಕು ಅಂತ ಬರೆದಿತ್ತು.