ಮೇಲಿನ ಮೊತ್ತ, ಕೆಳಗಿನ ಮೊತ್ತ

y = x² ಎಂಬ ವಕ್ರರೇಖೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಳ್ಳಿ. x ಸೊನ್ನೆಯಿಂದ ಹೊರಟಾಗ ರೇಖೆ ಅಕ್ಷಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಬರುಬರುತ್ತಾ ಕಡಿದಾಗಿ ಏರಿ, x = 1 ಆಗುವ ಹೊತ್ತಿಗೆ 1ರ ಎತ್ತರ ಮುಟ್ಟುತ್ತದೆ. ಈ ರೇಖೆಗೂ x ಅಕ್ಷಕ್ಕೂ ನಡುವೆ ಇರುವ ಜಾಗದ ಕ್ಷೇತ್ರಫಲ ಎಷ್ಟು? ಉದ್ದವನ್ನು ಅಗಲದಿಂದ ಗುಣಿಸಲು ನಮಗೆ ಬರುತ್ತದೆ, ಆದರೆ ಇಲ್ಲಿ ಎತ್ತರ ಒಂದೆಡೆ ನಿಲ್ಲುವುದೇ ಇಲ್ಲ.

ಹಾಗಾಗಿ ಜಾಗವನ್ನು ನಾಲ್ಕು ಸಮ ಪಟ್ಟಿಗಳಾಗಿ ಸೀಳೋಣ. ಪ್ರತಿಯೊಂದರ ಅಗಲ 1/4. ಒಂದೊಂದು ಪಟ್ಟಿಯಲ್ಲೂ ರೇಖೆಯ ಕೆಳಗೇ ಉಳಿಯುವಂತೆ, ಅಂದರೆ ಎಡ ಅಂಚಿನ ಎತ್ತರಕ್ಕೆ, ಒಂದು ಆಯತ ನಿಲ್ಲಿಸಿದರೆ ಎತ್ತರಗಳು 0, 1/16, 4/16, 9/16. ಇವನ್ನು ಕೂಡಿ 1/4ರಿಂದ ಗುಣಿಸಿದರೆ 14/64, ಸುಮಾರು 0.219. ಬಲ ಅಂಚಿನ ಎತ್ತರ ತೆಗೆದುಕೊಂಡರೆ ಆಯತಗಳು ರೇಖೆಯನ್ನು ಮೀರಿ ನಿಲ್ಲುತ್ತವೆ. ಆಗ ಮೊತ್ತ 30/64, ಸುಮಾರು 0.469. ಮೊದಲನೆಯದು, ಅಂದರೆ ಕೆಳಗಿನ ಮೊತ್ತ, ಖಂಡಿತ ಕಡಿಮೆ; ಎರಡನೆಯದು, ಅಂದರೆ ಮೇಲಿನ ಮೊತ್ತ, ಖಂಡಿತ ಹೆಚ್ಚು. ಎರಡೂ ತಪ್ಪು ಉತ್ತರಗಳೇ. ಆದರೂ ನಿಜವಾದ ಕ್ಷೇತ್ರಫಲ ಇವೆರಡರ ನಡುವೆಯೇ ಇರಬೇಕು, ಬೇರೆಲ್ಲಿಗೂ ಹೋಗುವಂತಿಲ್ಲ. ಈ ವಿಧಾನದ ನಿಜವಾದ ಬಲ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ಉತ್ತರ ಗೊತ್ತಾಗುವ ಮೊದಲೇ ತಪ್ಪು ಎಷ್ಟರೊಳಗೆ ಇದೆ ಎಂಬುದು ಗೊತ್ತಾಗುತ್ತದೆ.

ಎರಡು ಮೊತ್ತಗಳ ಅಂತರ 16/64, ಅಂದರೆ ಸರಿಯಾಗಿ 1/4. ಇದು ಆಕಸ್ಮಿಕವಲ್ಲ. ಪ್ರತಿ ಪಟ್ಟಿಯಲ್ಲೂ ದೊಡ್ಡ ಆಯತಕ್ಕೂ ಚಿಕ್ಕ ಆಯತಕ್ಕೂ ನಡುವೆ ಒಂದು ಸಣ್ಣ ತುಂಡು ಉಳಿಯುತ್ತದೆ. ಈ ನಾಲ್ಕು ತುಂಡುಗಳು ಮೆಟ್ಟಿಲುಗಳಂತೆ ಒಂದಕ್ಕಿಂತ ಒಂದು ಮೇಲಿರುತ್ತವೆ. ಒಂದು ಮುಗಿಯುವ ಎತ್ತರದಲ್ಲೇ ಮುಂದಿನದು ಶುರುವಾಗುತ್ತದೆ. ಎಲ್ಲವನ್ನೂ ಅಡ್ಡಡ್ಡವಾಗಿ ಬಲಕ್ಕೆ ಸರಿಸಿ ಕೊನೆಯ ಪಟ್ಟಿಯೊಳಗೆ ತಂದರೆ, ಒಂದರ ಮೇಲೊಂದು ಕುಳಿತು 1 ಎತ್ತರದ, 1/4 ಅಗಲದ ಒಂದೇ ಕಂಬವಾಗುತ್ತವೆ. ಪಟ್ಟಿಗಳು ನೂರಾದರೆ ಕಂಬದ ಅಗಲ 1/100; ಆಗ ಮೊತ್ತಗಳು 0.32835 ಮತ್ತು 0.33835. ಸಾವಿರವಾದರೆ ಅಂತರ 1/1000. ಈ ಸರಿಸುವ ಉಪಾಯವನ್ನು ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದ ಆರಂಭದಲ್ಲೇ ಬಳಸಿದ್ದಾನೆ. ಒಂದೇ ಸಮನೆ ಏರುವ ಅಥವಾ ಇಳಿಯುವ ಯಾವ ರೇಖೆಗೂ ಇದು ಸಲ್ಲುತ್ತದೆ.

ಅಂತರ ಕುಗ್ಗುತ್ತದೆ ಸರಿ, ಆದರೆ ಯಾವ ಸಂಖ್ಯೆಯ ಮೇಲೆ? n ಪಟ್ಟಿಗಳಿದ್ದಾಗ ಮೇಲಿನ ಮೊತ್ತವೆಂದರೆ 1² + 2² + … + n² ಎಂಬುದನ್ನು n³ರಿಂದ ಭಾಗಿಸಿದಷ್ಟು. ವರ್ಗಗಳ ಮೊತ್ತದ ಸೂತ್ರ n(n+1)(2n+1)/6 ಹಾಕಿದರೆ ಅದು (1 + 1/n)(2 + 1/n)/6 ಆಗುತ್ತದೆ. n ಬೆಳೆದಂತೆ 1/n ಕರಗಿಹೋಗಿ 2/6, ಅಂದರೆ 1/3 ಉಳಿಯುತ್ತದೆ. ಕೆಳಗಿನ ಮೊತ್ತ ಯಾವಾಗಲೂ ಮೇಲಿನ ಮೊತ್ತಕ್ಕಿಂತ 1/n ಮಾತ್ರ ಹಿಂದಿರುವುದರಿಂದ ಅದೂ 1/3ಕ್ಕೇ ಬಂದು ಸೇರುತ್ತದೆ.

ಪಟ್ಟಿಗಳ ಸಂಖ್ಯೆ ಹೆಚ್ಚಿಸಿದರೆ ಸಾಕು ಎಂದು ಇದರಿಂದ ಭಾವಿಸಬಾರದು. 1/2ರಿಂದ 1ರವರೆಗಿನ ಭಾಗವನ್ನು ಒಂದೇ ಪಟ್ಟಿಯಾಗಿ ಬಿಟ್ಟು, ಎಡ ಅರ್ಧವನ್ನು ಮಾತ್ರ ಲಕ್ಷ ಚೂರು ಮಾಡಿ ನೋಡಿ. ಬಲ ಅರ್ಧದಲ್ಲಿ ಎತ್ತರಗಳ ವ್ಯತ್ಯಾಸ 3/4, ಅಗಲ 1/2. ಆ 3/8ರ ಅಂತರ ಎಂದಿಗೂ ಕರಗುವುದಿಲ್ಲ. ಕುಗ್ಗಬೇಕಾದದ್ದು ಎಲ್ಲಕ್ಕಿಂತ ಅಗಲವಾದ ಪಟ್ಟಿ.

ಬರ್ನ್‌ಹಾರ್ಡ್ ರೀಮಾನ್ 1854ರಲ್ಲಿ ಗಟ್ಟಿಂಗೆನ್‌ನಲ್ಲಿ ಸಲ್ಲಿಸಿದ, ಅವನು ತೀರಿಕೊಂಡ ಮೇಲೆ 1868ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ಷರತ್ತನ್ನು ಪೂರ್ತಿ ಬಿಗಿಗೊಳಿಸಿದ. ಪಟ್ಟಿಗಳು ಸಮವಾಗಿರಬೇಕಿಲ್ಲ; ಪ್ರತಿ ಪಟ್ಟಿಯಲ್ಲಿ ಎತ್ತರವನ್ನು ಎಡ ಅಂಚಿನಲ್ಲೋ, ಬಲದಲ್ಲೋ, ನಡುವೆ ಎಲ್ಲಾದರೂ ಅಳೆಯಬಹುದು. ಅತಿ ಅಗಲದ ಪಟ್ಟಿ ಸೊನ್ನೆಯತ್ತ ಕುಗ್ಗಿದಂತೆ, ಹೇಗೆ ಆಯ್ದರೂ ಮೊತ್ತ ಒಂದೇ ಸಂಖ್ಯೆಗೆ ಬರಬೇಕು. ಬಂದರೆ ಮಾತ್ರ ಅದು ಕ್ಷೇತ್ರಫಲ.

‘ಹೇಗೆ ಆಯ್ದರೂ’ ಎಂಬ ಮಾತು ಏಕೆ ಬೇಕು ಎಂಬುದಕ್ಕೆ ಡಿರಿಶ್ಲೆ 1829ರಲ್ಲಿ ಮುಂದಿಟ್ಟ ಬಗೆಯ ಉದಾಹರಣೆ ಸಾಕು: x ಭಾಗಲಬ್ಧ ಸಂಖ್ಯೆಯಾದರೆ ಎತ್ತರ 1, ಅಭಾಗಲಬ್ಧವಾದರೆ 0. ಸೊನ್ನೆಯಿಂದ 1ರವರೆಗೆ n ಸಮ ಪಟ್ಟಿ ಮಾಡಿ ಎಡ ಅಂಚುಗಳಲ್ಲಿ ಅಳೆದರೆ, ಅವೆಲ್ಲ ಭಾಗಲಬ್ಧವಾದ್ದರಿಂದ ಮೊತ್ತ 1. ಪಟ್ಟಿ ಹತ್ತಿರಲಿ, ಕೋಟಿಯಿರಲಿ, ಅದೇ 1. ಇಷ್ಟು ಸ್ಥಿರವಾದ ಉತ್ತರವನ್ನು ಯಾರಾದರೂ ನಂಬಿಬಿಡುತ್ತಾರೆ. ಅಳೆಯುವ ಜಾಗವನ್ನು ಪ್ರತಿ ಪಟ್ಟಿಯೊಳಗೆ (√2 − 1)/nನಷ್ಟು ಬಲಕ್ಕೆ ಸರಿಸಿದರೆ ಎಲ್ಲ ಬಿಂದುಗಳೂ ಅಭಾಗಲಬ್ಧವಾಗಿ ಮೊತ್ತ ಒಮ್ಮೆಲೇ 0. ಪಟ್ಟಿ ಎಷ್ಟೇ ತೆಳುವಾದರೂ ಅದರೊಳಗೆ ಎರಡೂ ಬಗೆಯ ಸಂಖ್ಯೆಗಳಿರುತ್ತವೆ. ಹಾಗಾಗಿ ಮೇಲಿನ ಮೊತ್ತಕ್ಕೂ ಕೆಳಗಿನ ಮೊತ್ತಕ್ಕೂ ನಡುವಿನ ಅಂತರ 1 ಆಗಿಯೇ ಉಳಿಯುತ್ತದೆ, ರೀಮಾನ್‌ನ ಅಳತೆಗೋಲಿನಲ್ಲಿ ಈ ಆಕೃತಿಗೆ ಕ್ಷೇತ್ರಫಲವೇ ಇರುವುದಿಲ್ಲ.