ನಿರ್ದೇಶಕರ ರಾಜೀನಾಮೆ: ಜಾರಿಯಾಗುವ ದಿನ ಯಾವುದು, ಅದರೊಳಗೆ ಏನೇನು ಒಪ್ಪಿಸಬೇಕು

ಕಂಪನಿಗಳ ಕಾಯ್ದೆ 2013ರ 168ನೇ ಸೆಕ್ಷನ್ ಓದುವುದಕ್ಕೆ ಚಿಕ್ಕದು. ನಿರ್ದೇಶಕರು ಕಂಪನಿಗೆ ಲಿಖಿತ ನೋಟಿಸ್ ಕೊಟ್ಟು ರಾಜೀನಾಮೆ ನೀಡಬಹುದು. ನೋಟಿಸ್ ಬಂದ ಮೇಲೆ ಮಂಡಳಿಯು ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಕಂಪನಿಯು ರಿಜಿಸ್ಟ್ರಾರರಿಗೆ ತಿಳಿಸಬೇಕು. ಮುಂದಿನ ಸಾಮಾನ್ಯ ಸಭೆಗೆ ಮಂಡಿಸುವ ನಿರ್ದೇಶಕರ ವರದಿಯಲ್ಲಿಯೂ ಈ ಸಂಗತಿಯನ್ನು ನಮೂದಿಸಬೇಕು. ಇಷ್ಟರಲ್ಲಿ ಕಷ್ಟವೇನೂ ಇಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೇ ಉಪಸೆಕ್ಷನ್, ಅಂದರೆ ರಾಜೀನಾಮೆ ಯಾವ ದಿನದಿಂದ ಜಾರಿಗೆ ಬರುತ್ತದೆ ಎಂಬ ಭಾಗ. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲಾಗಿದೆ.

ನಾಲ್ಕು ದಿನಾಂಕಗಳು, ಲೆಕ್ಕಕ್ಕೆ ಬರುವುದು ಎರಡೇ

ಒಂದು ರಾಜೀನಾಮೆಯ ಕಡತವನ್ನು ಬಿಡಿಸಿದರೆ ಸಾಮಾನ್ಯವಾಗಿ ನಾಲ್ಕು ದಿನಾಂಕಗಳು ಕಾಣುತ್ತವೆ: ಪತ್ರದ ಮೇಲೆ ಬರೆದ ದಿನಾಂಕ, ಪತ್ರ ಕಂಪನಿಗೆ ತಲುಪಿದ ದಿನಾಂಕ, ಇಂಥ ದಿನದಿಂದ ಬಿಡುತ್ತೇನೆ ಎಂದು ಪತ್ರದೊಳಗೆ ಹೇಳಿದ ದಿನಾಂಕ, ಮತ್ತು ಮಂಡಳಿಯು ಸಭೆ ಸೇರಿ ಅದನ್ನು ಗಮನಕ್ಕೆ ತೆಗೆದುಕೊಂಡ ದಿನಾಂಕ. ಕಾಯ್ದೆಯು ನೋಡುವುದು ಎರಡನೆಯದನ್ನು ಮತ್ತು ಮೂರನೆಯದನ್ನು ಮಾತ್ರ. ತಲುಪಿದ ದಿನ, ಪತ್ರದೊಳಗೆ ಸೂಚಿಸಿದ ದಿನ, ಇವೆರಡರಲ್ಲಿ ಯಾವುದು ನಂತರ ಬರುತ್ತದೆಯೋ ಅದೇ ಜಾರಿಯ ದಿನ. ಪತ್ರದೊಳಗೆ ಯಾವ ದಿನವನ್ನೂ ಸೂಚಿಸದಿದ್ದರೆ ತಲುಪಿದ ದಿನವೇ ಜಾರಿಯ ದಿನ.

ಮಂಡಳಿಯ ಸಭೆಯ ದಿನಾಂಕ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಸ್ವಲ್ಪ ಸಮಯ ಬೇಕಾಗುತ್ತದೆ. ನೌಕರಿಯ ರಾಜೀನಾಮೆಯಲ್ಲಿ ಮೇಲಿನವರು ಅಂಗೀಕರಿಸುವ ತನಕ ಬಿಡುಗಡೆ ಇಲ್ಲ ಎಂಬ ರೂಢಿಯನ್ನೇ ನಾವು ಇಲ್ಲಿಗೂ ತಂದುಬಿಡುತ್ತೇವೆ. ಆದರೆ 168(1) ಮಂಡಳಿಗೆ ಅಂಗೀಕರಿಸುವ ಅಧಿಕಾರವನ್ನು ಕೊಟ್ಟಿಲ್ಲ, ಗಮನಕ್ಕೆ ತೆಗೆದುಕೊಳ್ಳುವ ಕರ್ತವ್ಯವನ್ನು ಮಾತ್ರ ವಿಧಿಸಿದೆ. 1956ರ ಹಳೆಯ ಕಾಯ್ದೆಯಲ್ಲಿ ನಿರ್ದೇಶಕರ ರಾಜೀನಾಮೆಗೆಂದು ಪ್ರತ್ಯೇಕ ಸೆಕ್ಷನ್ ಇರಲಿಲ್ಲವಾದ್ದರಿಂದ ಈ ಪ್ರಶ್ನೆಗೆ ಕಂಪನಿಯ ಆಂತರಿಕ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಉತ್ತರ ಹುಡುಕಬೇಕಾಗಿತ್ತು. 2013ರ ಕಾಯ್ದೆ ಉತ್ತರವನ್ನು ತಾನೇ ಬರೆದಿಟ್ಟಿದೆ. ಆದ್ದರಿಂದ "ರಾಜೀನಾಮೆಯನ್ನು ಇಂದಿನಿಂದ ಜಾರಿಗೆ ಬರುವಂತೆ ಅಂಗೀಕರಿಸಲಾಯಿತು" ಎಂದು ಠರಾವು ಬರೆದರೆ, ಆ ವಾಕ್ಯದಿಂದ ಜಾರಿಯ ದಿನ ಬದಲಾಗುವುದಿಲ್ಲ, ಕಡತದಲ್ಲಿ ಗೊಂದಲ ಮಾತ್ರ ಉಳಿಯುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸೋಣ. ನಿರ್ದೇಶಕರೊಬ್ಬರು ಜೂನ್ 10ರಂದು ಪತ್ರ ಬರೆದು, "ಇಂದಿನಿಂದಲೇ ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ" ಎಂದು ತಿಳಿಸಿ ಅಂಚೆಗೆ ಹಾಕುತ್ತಾರೆ. ಪತ್ರವು ಕಂಪನಿಯ ನೋಂದಾಯಿತ ಕಚೇರಿಗೆ ಜೂನ್ 17ರಂದು ತಲುಪಿ ಅಂದೇ ಆವಕ ಮೊಹರು ಬೀಳುತ್ತದೆ. ಮಂಡಳಿಯ ಸಭೆ ಜುಲೈ 4ರಂದು ನಡೆಯುತ್ತದೆ. ಇಲ್ಲಿ ಸೂಚಿಸಿದ ದಿನ ಜೂನ್ 10, ತಲುಪಿದ ದಿನ ಜೂನ್ 17. ನಂತರದ್ದು 17 ಆದ್ದರಿಂದ ರಾಜೀನಾಮೆ ಜಾರಿಯಾಗುವುದು ಜೂನ್ 17ರಂದು. ನಡುವಿನ ಆ ಏಳು ದಿನಗಳಲ್ಲಿ, ತಾನು ಬಿಟ್ಟಾಯಿತು ಎಂದು ಅವರು ಎಷ್ಟೇ ನಂಬಿದ್ದರೂ, ಕಾನೂನಿನ ಕಣ್ಣಿಗೆ ಅವರು ಇನ್ನೂ ನಿರ್ದೇಶಕರೇ. ಜೂನ್ 12ರಂದು ಕಂಪನಿಯು ಏನಾದರೂ ಅಪರಾಧ ಎಸಗಿದ್ದರೆ ಅದು ಅವರ ಅವಧಿಯೊಳಗೆ ನಡೆದದ್ದು ಎಂದೇ ಎಣಿಕೆಯಾಗುತ್ತದೆ; ರಾಜೀನಾಮೆಯ ನಂತರವೂ ತನ್ನ ಅವಧಿಯಲ್ಲಿ ಘಟಿಸಿದ ಅಪರಾಧಗಳಿಗೆ ನಿರ್ದೇಶಕರು ಹೊಣೆಗಾರರು ಎಂದು 168(2)ರ ಪರಂತುಕವೇ ಹೇಳುತ್ತದೆ. ಇನ್ನೊಂದು ಕಡೆ, ಜುಲೈ 4ರ ಸಭೆಯಲ್ಲಿ ಅವರನ್ನು ಕೂರಿಸಿಕೊಂಡು ಕೋರಂ ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪು, ಏಕೆಂದರೆ ಅಷ್ಟರಲ್ಲಿ ಅವರು ನಿರ್ದೇಶಕರಾಗಿ ಉಳಿದಿಲ್ಲ.

ಈ ಗೋಜಲನ್ನು ತಪ್ಪಿಸಲು ನನಗೆ ಅತ್ಯಂತ ಮೆಚ್ಚುಗೆಯಾದ ದಾರಿಯೆಂದರೆ, ಪತ್ರ ಎಷ್ಟೇ ತಡವಾಗಿ ತಲುಪಿದರೂ ಅದಕ್ಕಿಂತ ಮುಂದಕ್ಕೇ ಬೀಳುವಂಥ ಒಂದು ದಿನವನ್ನು ಪತ್ರದೊಳಗೆ ಸ್ಪಷ್ಟವಾಗಿ ಬರೆಯುವುದು: "ಮಾರ್ಚ್ 31ರ ಕಚೇರಿ ವೇಳೆ ಮುಗಿದಾಗಿನಿಂದ ನನ್ನ ರಾಜೀನಾಮೆ ಜಾರಿಗೆ ಬರುತ್ತದೆ." ಹೀಗೆ ಬರೆದರೆ ಪತ್ರ 4ಕ್ಕೆ ತಲುಪಿತೋ 6ಕ್ಕೆ ತಲುಪಿತೋ ಎಂಬ ಜಗಳದಿಂದ ಜಾರಿಯ ದಿನಕ್ಕೆ ಏನೂ ಆಗುವುದಿಲ್ಲ. ಆದರೂ ತಲುಪಿದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಲೇಬೇಕು; ರಿಜಿಸ್ಟ್ರಾರರಿಗೆ ತಿಳಿಸುವ ಗಡುವು ಅಲ್ಲಿಂದಲೇ ಎಣಿಕೆಯಾಗುತ್ತದೆ.

ಮೂವತ್ತು ದಿನ, ಯಾವಾಗಿನಿಂದ?

ಕಂಪನಿಯು DIR-12 ನಮೂನೆಯಲ್ಲಿ ರಿಜಿಸ್ಟ್ರಾರರಿಗೆ ತಿಳಿಸಲು 30 ದಿನಗಳ ಅವಕಾಶವಿದೆ ಎಂಬುದು ಎಲ್ಲರಿಗೂ ಬಾಯಿಪಾಠ. ಎಲ್ಲಿಂದ 30 ಎಂಬಲ್ಲಿ ಎಚ್ಚರ ಬೇಕು. ನಿರ್ದೇಶಕರ ನೇಮಕ ಮತ್ತು ಅರ್ಹತೆಗಳ ನಿಯಮಗಳು 2014ರ 15ನೇ ನಿಯಮವು ರಾಜೀನಾಮೆಯ ನೋಟಿಸ್ ತಲುಪಿದ ದಿನದಿಂದ ಎಣಿಸುತ್ತದೆ. ನಿರ್ದೇಶಕರ ವಿವರಗಳಲ್ಲಿ ಆದ ಬದಲಾವಣೆಯನ್ನು ತಿಳಿಸಬೇಕೆನ್ನುವ 170(2)ನೇ ಸೆಕ್ಷನ್ ಬದಲಾವಣೆಯಾದ ದಿನದಿಂದ ಎಣಿಸುತ್ತದೆ. ಜೂನ್ ಉದಾಹರಣೆಯಲ್ಲಿ ಎರಡೂ ಒಂದೇ ದಿನವಾದ್ದರಿಂದ ಜುಲೈ 17 ಕೊನೆಯ ದಿನ, ತಕರಾರಿಲ್ಲ. ಮಾರ್ಚ್ 6ಕ್ಕೆ ತಲುಪಿ ಮಾರ್ಚ್ 31ಕ್ಕೆ ಜಾರಿಯಾಗುವ ಪತ್ರದಲ್ಲಿ ಮಾತ್ರ ಇವು ಬೇರೆಯಾಗುತ್ತವೆ: ನಿಯಮದ ಪ್ರಕಾರ ಏಪ್ರಿಲ್ 5, ಸೆಕ್ಷನ್ ಪ್ರಕಾರ ಏಪ್ರಿಲ್ 30. ಮೊದಲು ಮುಗಿಯುವ ಗಡುವನ್ನೇ ಹಿಡಿದರೆ ಎರಡನ್ನೂ ಪಾಲಿಸಿದಂತಾಗುತ್ತದೆ. ಆದ್ದರಿಂದ ಮುಂದಿನ ದಿನಾಂಕ ಬರೆಯುವಾಗ ಅದು ಪತ್ರ ತಲುಪಿದ ದಿನದಿಂದ 30 ದಿನಗಳೊಳಗೆ ಇರುವಂತೆ ನೋಡಿಕೊಳ್ಳುವುದು ಜಾಣತನ. ಅದಕ್ಕಿಂತ ದೂರ ಹೋದರೆ ನಿಯಮದ ಗಡುವು ಜಾರಿಯ ದಿನಕ್ಕೆ ಮೊದಲೇ ಮುಗಿದುಹೋಗುತ್ತದೆ.

ನಿರ್ದೇಶಕರು ತಾವೇ ಕಾರಣಗಳೊಂದಿಗೆ ರಾಜೀನಾಮೆಯ ಪ್ರತಿಯನ್ನು DIR-11ರಲ್ಲಿ ರಿಜಿಸ್ಟ್ರಾರರಿಗೆ ಕಳುಹಿಸುವುದು ಮೊದಲು ಕಡ್ಡಾಯವಾಗಿತ್ತು. 2017ರ ತಿದ್ದುಪಡಿಯ ನಂತರ ಅದು ಐಚ್ಛಿಕ. ಕಂಪನಿಯೊಡನೆ ಸಂಬಂಧ ಹದಗೆಟ್ಟಿದ್ದು, DIR-12 ಸಲ್ಲಿಕೆಯಾಗುವ ಭರವಸೆ ಇಲ್ಲದಿದ್ದರೆ, ಐಚ್ಛಿಕವಾದರೂ ಇದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ತಾನು ಬಿಟ್ಟ ದಿನಕ್ಕೆ ಸರ್ಕಾರಿ ದಾಖಲೆಯಲ್ಲಿ ತನ್ನದೇ ಒಂದು ಸಾಕ್ಷ್ಯ ಇರುವುದು ಆಗ ಬಹಳ ಮುಖ್ಯವಾಗುತ್ತದೆ.

ಹಸ್ತಾಂತರ

168ನೇ ಸೆಕ್ಷನ್‌ನಲ್ಲಿ ಹಸ್ತಾಂತರದ ಮಾತೇ ಇಲ್ಲ. ಹೊಣೆಗಳನ್ನು ಒಪ್ಪಿಸಿದರೂ ಒಪ್ಪಿಸದಿದ್ದರೂ ಆ ದಿನ ಬಂದರೆ ರಾಜೀನಾಮೆ ಜಾರಿಯಾಗುತ್ತದೆ. ಆದ್ದರಿಂದ "ಹಸ್ತಾಂತರ ಮುಗಿದ ಮೇಲೆ ಜಾರಿ" ಎಂದು ಪತ್ರದಲ್ಲಿ ಬರೆಯಬಾರದು. ಹಸ್ತಾಂತರ ಯಾವಾಗ ಮುಗಿಯಿತೆಂದು ಹೇಳುವವರು ಯಾರು ಎಂಬ ಪ್ರಶ್ನೆ ಎದ್ದು, ದಿನಾಂಕವೇ ಅನಿಶ್ಚಿತವಾಗುತ್ತದೆ. ಕೆಲಸ ಮುಗಿಸಲು ಬೇಕಾದಷ್ಟು ದಿನಗಳನ್ನು ಲೆಕ್ಕ ಹಾಕಿ, ಖಚಿತವಾದ ದಿನವನ್ನೇ ಬರೆಯಬೇಕು.

ಮಾರ್ಚ್ ಉದಾಹರಣೆಯ ಕಂಪನಿ ಇಬ್ಬರೇ ನಿರ್ದೇಶಕರಿರುವ ಖಾಸಗಿ ಕಂಪನಿ ಎಂದುಕೊಳ್ಳಿ. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು, ಮಂಡಳಿಯ ಕೋರಂಗೂ ಕನಿಷ್ಠ ಇಬ್ಬರು ಬೇಕು. ಒಬ್ಬರು ಹೋದ ಮೇಲೆ ಉಳಿದವರು 174(2)ರ ಪ್ರಕಾರ ಕೋರಂ ತುಂಬುವಷ್ಟು ನಿರ್ದೇಶಕರನ್ನು ಸೇರಿಸಿಕೊಳ್ಳಲು ಅಥವಾ ಸಾಮಾನ್ಯ ಸಭೆ ಕರೆಯಲು ಮಾತ್ರ ಮಂಡಳಿಯಾಗಿ ಕೆಲಸ ಮಾಡಬಹುದು, ಬೇರೆ ಯಾವ ತೀರ್ಮಾನವನ್ನೂ ಕೈಗೊಳ್ಳುವಂತಿಲ್ಲ. ಬ್ಯಾಂಕ್ ಖಾತೆಗೆ ಸಹಿ ಹಾಕುವವರನ್ನು ಬದಲಾಯಿಸುವ ಠರಾವು ಕೂಡ ಆಗ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಚ್ 6ರಿಂದ 31ರವರೆಗಿನ 25 ದಿನಗಳ ಬೆಲೆ ಇರುವುದೇ ಇಲ್ಲಿ. ಮಂಡಳಿಯ ಸಭೆಗೆ ಕನಿಷ್ಠ 7 ದಿನಗಳ ನೋಟಿಸ್ ಬೇಕಾದ್ದರಿಂದ, ಮಾರ್ಚ್ 9ಕ್ಕೆ ನೋಟಿಸ್ ತಲುಪಿಸಿ 18ಕ್ಕೆ ಸಭೆ ಸೇರಬಹುದು. ಅಂದು ಇಬ್ಬರೂ ಹಾಜರಿರುವುದರಿಂದ ಕೋರಂ ಇದೆ. ಅದೇ ಸಭೆಯಲ್ಲಿ ರಾಜೀನಾಮೆಯನ್ನು ಗಮನಕ್ಕೆ ತೆಗೆದುಕೊಂಡು, ಆರ್ಟಿಕಲ್ಸ್‌ನಲ್ಲಿ ಅಧಿಕಾರವಿದ್ದರೆ, DIR-2ರಲ್ಲಿ ಒಪ್ಪಿಗೆ ಕೊಟ್ಟವರೊಬ್ಬರನ್ನು ಹೆಚ್ಚುವರಿ ನಿರ್ದೇಶಕರನ್ನಾಗಿ ನೇಮಿಸಿ, ಏಪ್ರಿಲ್ 1ರಿಂದ ಬ್ಯಾಂಕಿನಲ್ಲಿಯೂ ತೆರಿಗೆ ಇಲಾಖೆಗಳ ಪೋರ್ಟಲ್‌ಗಳಲ್ಲಿಯೂ ಯಾರು ಸಹಿ ಹಾಕಬೇಕೆಂದು ಠರಾವು ಮಾಡಿಬಿಡಬಹುದು. ಹೊರಡುವವರ ಸಹಿಯೇ ಹೊಸಬರಿಗೆ ದಾರಿ ಮಾಡಿಕೊಡುತ್ತದೆ; ಏಪ್ರಿಲ್ 1ರಂದು ಆ ಸಹಿಗೆ ಬೆಲೆ ಇರುವುದಿಲ್ಲ.

ಒಪ್ಪಿಸುವ ವಸ್ತುಗಳಿಗೆ ದಿನಾಂಕ ಹಾಕಿದ ಪಟ್ಟಿ ಮಾಡಿ, ಕೊಟ್ಟವರೂ ಪಡೆದವರೂ ಸಹಿ ಮಾಡಿದರೆ ಸಾಕು: ಚೆಕ್ ಪುಸ್ತಕಗಳು, ಕಂಪನಿಯ ಮೊಹರು, ಕಡತಗಳು, ಲಾಗಿನ್‌ಗಳು, ಬಾಕಿ ನೋಟಿಸ್‌ಗಳು ಮತ್ತು ಅವುಗಳಿಗೆ ಉತ್ತರಿಸಬೇಕಾದ ಗಡುವು. ಒಂದನ್ನು ಮಾತ್ರ ಒಪ್ಪಿಸಬಾರದು, ಅದು ಡಿಜಿಟಲ್ ಸಹಿಯ ಟೋಕನ್. ಅದು ವ್ಯಕ್ತಿಯದು, ಕಂಪನಿಯದಲ್ಲ. ಲೆಕ್ಕಪತ್ರ ನೋಡುವವರ ಮೇಜಿನ ಖಾನೆಯಲ್ಲಿ ಅದು ಬಿದ್ದಿರುವುದು ಅಪರೂಪವಲ್ಲ. ಮಾರ್ಚ್ 31ರೊಳಗೆ ಅದನ್ನು ಹಿಂದಕ್ಕೆ ಪಡೆಯಬೇಕು, ಇಲ್ಲವಾದರೆ ಬಿಟ್ಟು ಹೋದವರ ಸಹಿಯಲ್ಲಿ ನಮೂನೆಗಳು ಸಲ್ಲಿಕೆಯಾಗುವ ಅಪಾಯವಿದೆ.

ವ್ಯವಸ್ಥಾಪಕ ನಿರ್ದೇಶಕರ ವಿಷಯದಲ್ಲಿ ಒಂದು ಭೇದವಿದೆ. ನಿರ್ದೇಶಕ ಸ್ಥಾನ ಪತ್ರದಿಂದಲೇ ಕೊನೆಗೊಳ್ಳುತ್ತದೆ, ಆದರೆ ಸೇವಾ ಒಪ್ಪಂದದಲ್ಲಿ ಮೂರು ತಿಂಗಳ ನೋಟಿಸ್ ಎಂದಿದ್ದರೆ ಆ ಒಪ್ಪಂದವನ್ನು ಮುರಿದ ಹೊಣೆ ಬೇರೆಯಾಗಿ ಉಳಿಯುತ್ತದೆ.

ಹಾಗೆಯೇ ಬ್ಯಾಂಕ್ ಸಾಲಕ್ಕೆ ಕೊಟ್ಟ ವೈಯಕ್ತಿಕ ಜಾಮೀನು ರಾಜೀನಾಮೆಯೊಂದಿಗೆ ತಾನಾಗಿ ಹೋಗುವುದಿಲ್ಲ. ಜಾಮೀನು ಬ್ಯಾಂಕಿನೊಡನೆ ಮಾಡಿಕೊಂಡ ಒಪ್ಪಂದವಾದ್ದರಿಂದ ಕಂಪನಿಗೆ ಬರೆದ ಪತ್ರ ಅದನ್ನು ಮುಟ್ಟುವುದಿಲ್ಲ. ಒಪ್ಪಂದಗಳ ಕಾಯ್ದೆ 1872ರ 130ನೇ ಸೆಕ್ಷನ್ ಪ್ರಕಾರ ಮುಂದುವರಿಯುವ ಜಾಮೀನನ್ನು ಸಾಲ ಕೊಟ್ಟವರಿಗೆ ನೋಟಿಸ್ ನೀಡಿ ಮುಂದಿನ ವ್ಯವಹಾರಗಳ ಮಟ್ಟಿಗೆ ಹಿಂತೆಗೆದುಕೊಳ್ಳಬಹುದು. ಆದರೆ ಜಾಮೀನು ಪತ್ರದ ಷರತ್ತುಗಳನ್ನು ಮೊದಲು ಓದಬೇಕು, ಮತ್ತು ಅಲ್ಲಿಯವರೆಗಿನ ಸಾಲದ ಹೊಣೆಯಿಂದ ಬಿಡಿಸಿಕೊಳ್ಳಲು ಬ್ಯಾಂಕಿನ ಲಿಖಿತ ಬಿಡುಗಡೆಯೇ ಬೇಕು.

ನಡಾವಳಿಯದು ಕೊನೆಯ ವಿಚಾರ. ಮಾರ್ಚ್ 18ರ ಸಭೆಯ ಕರಡು ನಡಾವಳಿಯನ್ನು 15 ದಿನಗಳೊಳಗೆ ನಿರ್ದೇಶಕರಿಗೆ ಕಳುಹಿಸಬೇಕೆಂದು ಮಂಡಳಿ ಸಭೆಗಳ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಹೇಳುತ್ತದೆ. ಅಂದರೆ ಅದು ಏಪ್ರಿಲ್ 2ರಂದು ಬಂದರೂ ಗಡುವಿನೊಳಗೇ ಇದೆ. ಅಷ್ಟರಲ್ಲಿ ನಿರ್ದೇಶಕ ಸ್ಥಾನ ಮುಗಿದಿದ್ದರೂ, ತನ್ನ ಅವಧಿಯಲ್ಲಿ ನಡೆದ ಸಭೆಯ ಕರಡನ್ನು ಪಡೆದು ಅಭಿಪ್ರಾಯ ತಿಳಿಸುವ ಹಕ್ಕು ಅದೇ ಸ್ಟ್ಯಾಂಡರ್ಡ್ ಪ್ರಕಾರ ಅವರಿಗಿದೆ. ಆದ್ದರಿಂದ ರಾಜೀನಾಮೆ ಪತ್ರದ ಕೆಳಗೆ, ಕಂಪನಿಯದಲ್ಲದ ತಮ್ಮ ಸ್ವಂತ ಇಮೇಲ್ ವಿಳಾಸವನ್ನು ಬರೆದು, ಕರಡನ್ನು ಅಲ್ಲಿಗೇ ಕಳುಹಿಸುವಂತೆ ಕೋರಬೇಕು.